ಮಂಡಿ ಸಾಹುಕಾರರಿಗೆ ದೊಡ್ಡ ಪ್ಲಾನಿನ ಮೇಲ್ ಹೇಗೆ ಬರೆಯಲಿ?

ಕೇಳಿದವರು, ಕೋಲಾರ: ಎಪಿಎಂಸಿಯ ಟೊಮೆಟೊ ಮಂಡಿಗಳಿಗೆ ಬಿಲ್ಲಿಂಗ್ ಆ್ಯಪ್ ಕೊಡುತ್ತೇವೆ. ಚಿಕ್ಕ ಪ್ಲಾನ್ ತಿಂಗಳಿಗೆ 600 ರೂಪಾಯಿ. ಒಂದು ಲಾಗಿನ್, 1,500 ಎಸ್ಎಂಎಸ್. ಅದಕ್ಕಿಂತ ಜಾಸ್ತಿ ಹೋದರೆ ಒಂದಕ್ಕೆ 25 ಪೈಸೆ. ದೊಡ್ಡದು 1,100. ಐದು ಲಾಗಿನ್, 4,000 ಎಸ್ಎಂಎಸ್. ಒಂದು ಮಂಡಿಯವರು ಜೂನ್‌ನಲ್ಲಿ 2,900 ಕಳಿಸಿದ್ದಾರೆ. ದೊಡ್ಡದಕ್ಕೆ ಬನ್ನಿ ಅಂತ ಮೇಲ್ ಹೇಗೆ ಬರೆಯಲಿ?

ಕೇಬಲ್ ಏಜೆಂಟ್, ತುಮಕೂರು: 1,500 ದಾಟಿದ ಕ್ಷಣವೇ ಕಳಿಸಬೇಕಿತ್ತು. ಸಬ್ಜೆಕ್ಟ್‌ನಲ್ಲೇ ಅವರ 2,900 ಹಾಕಿ. ನೋಡೇ ನೋಡುತ್ತಾರೆ.

ಸಾಫ್ಟ್‌ವೇರ್ ಮಾರಾಟದವರು, ಚಿಕ್ಕಬಳ್ಳಾಪುರ: ಅವರದೇ ಅಂಕಿ ಹಾಕುವುದು ಸರಿ. ಆದರೆ ಹರಾಜಿನ ಮಧ್ಯೆ ಬಂದ ಮೇಲ್ ಯಾರು ಓದುತ್ತಾರೆ? ಮಧ್ಯಾಹ್ನ ಕಳಿಸಿ.

ಮೊದಲು ಲೆಕ್ಕ ನೋಡಿ ಸರ್. ಹೆಚ್ಚಿಗೆ ಹೋಗಿದ್ದು 1,400 ಎಸ್ಎಂಎಸ್, ಅಂದರೆ 350 ರೂಪಾಯಿ. ಒಟ್ಟು ಬಿಲ್ 950. ನೀವು 1,100 ಕೇಳುತ್ತಿದ್ದೀರಿ! ಮಂಡಿ ಸಾಹುಕಾರರು ಇದನ್ನು ಬಾಯಲ್ಲೇ ಲೆಕ್ಕ ಹಾಕುತ್ತಾರೆ. ಎಸ್ಎಂಎಸ್ ಒಂದನ್ನೇ ನೋಡಿದರೆ 3,500 ದಾಟಿದ ಮೇಲೆ ಮಾತ್ರ ದೊಡ್ಡ ಪ್ಲಾನ್ ಅಗ್ಗ. ಲಾಗಿನ್ ನೋಡಿದ್ದೀರಾ?

ಕೇಳಿದವರು: ಈಗ ನೋಡಿದೆ. ಬೆಳಿಗ್ಗೆ ಒಂದೇ ಲಾಗಿನ್ ಮೂರು ಫೋನ್‌ನಲ್ಲಿ ಓಡಾಡುತ್ತಿದೆ. ಒಬ್ಬರು ಒಳಗೆ ಬಂದರೆ ಇನ್ನೊಬ್ಬರು ಹೊರಗೆ.

ರೀಲಿಂಗ್ ಘಟಕದವರು, ಶಿಡ್ಲಘಟ್ಟ: ಹುಷಾರು. ನಮಗೂ ಒಂದು ಕಂಪನಿಯಿಂದ ಇಂಥ ಮೇಲ್ ಬಂದಿತ್ತು. ನಮ್ಮ ಹುಡುಗ ಎಷ್ಟು ಹೊತ್ತಿಗೆ ಆ್ಯಪ್ ತೆರೆದ, ಏನು ನೋಡಿದ, ಎಲ್ಲಾ ಬರೆದಿದ್ದರು. ಗೂಡಿನ ರೇಟೂ ನೋಡುತ್ತಾರೇನೋ ಅನ್ನಿಸಿ ಆ್ಯಪನ್ನೇ ಬಿಟ್ಟೆ.

ಸಾಫ್ಟ್‌ವೇರ್ ಮಾರಾಟದವರು: ಅದಕ್ಕೇ ಯಾರ ಫೋನು, ಎಷ್ಟು ಗಂಟೆ ಅನ್ನುವುದು ಬೇಡ. ಅವರಿಗೆ ಆಗುತ್ತಿರುವ ತೊಂದರೆ ಮಾತ್ರ ಸಾಕು. ನಾನಾದರೆ ಹೀಗೆ ಬರೆಯುತ್ತೇನೆ:

"ನಮಸ್ಕಾರ. ಜೂನ್‌ನಲ್ಲಿ ನಿಮ್ಮ ಮಂಡಿಯಿಂದ 2,900 ಎಸ್ಎಂಎಸ್ ಹೋಗಿದೆ, ಬಿಲ್ 950 ರೂಪಾಯಿ. ಎಸ್ಎಂಎಸ್‌ಗೋಸ್ಕರ ಪ್ಲಾನ್ ಬದಲಿಸಬೇಕಾಗಿಲ್ಲ. ಆದರೆ ನಿಮ್ಮಲ್ಲಿ ಒಂದೇ ಲಾಗಿನ್ ಇರುವುದರಿಂದ ಒಬ್ಬರು ಆ್ಯಪ್ ತೆರೆದರೆ ಇನ್ನೊಬ್ಬರ ಬಿಲ್ ಅರ್ಧಕ್ಕೆ ನಿಲ್ಲುತ್ತದೆ. 1,100ರ ಪ್ಲಾನ್‌ನಲ್ಲಿ ಐದು ಜನ ಒಟ್ಟಿಗೆ ಬಿಲ್ ಹಾಕಬಹುದು. ಜೂನ್ ಲೆಕ್ಕಕ್ಕೆ 150 ರೂಪಾಯಿ ಜಾಸ್ತಿ. ಬೇಕಿದ್ದರೆ 'ಸರಿ' ಅಂತ ಉತ್ತರಿಸಿ."

ಅವರ ದೂರು ಯಾವುದಾದರೂ ಬಾಕಿ ಇದ್ದರೆ ಅದು ಮುಗಿಯುವ ತನಕ ಇದನ್ನು ಕಳಿಸಬೇಡಿ.

ಇನ್ನೊಬ್ಬರು, ಮಾಲೂರು: ಹೊಸ ಮಂಡಿಗಳ ಮೇಲ್ ಐಡಿ ಎಲ್ಲಿ ಸಿಗುತ್ತದೆ?

ಸಾಫ್ಟ್‌ವೇರ್ ಮಾರಾಟದವರು: ಅಣ್ಣ, ಇದು ಈಗಾಗಲೇ ಇರುವ ಗಿರಾಕಿಯ ಮಾತು.

ಮಂಡಿ ರೈಟರ್, ಶ್ರೀನಿವಾಸಪುರ: ನಮ್ಮ ಸಾಹುಕಾರರು ಮೇಲ್ ತೆರೆಯುವುದೇ ಇಲ್ಲ, ನೋಡುವವನು ನಾನು. ಇದನ್ನೇ ವಾಟ್ಸಾಪ್‌ಗೂ ಹಾಕಿ. ಇನ್ನೊಂದು, ಸೀಸನ್ ಮುಗಿದ ಮೇಲೆ ಬಿಲ್ ಹಾಕಲು ಒಬ್ಬನೇ ಸಾಕು. ಆಗ ಮತ್ತೆ 600ಕ್ಕೆ ಇಳಿಯಬಹುದಾ? ಸಾಹುಕಾರರು ಮೊದಲು ಕೇಳುವುದೇ ಅದು.

ಸಾಫ್ಟ್‌ವೇರ್ ಮಾರಾಟದವರು: ಇಳಿಯಬಹುದು ಅಂತಾದರೆ ಮೇಲ್‌ನಲ್ಲೇ ಬರೆಯಿರಿ.

ಕೇಳಿದವರು: ನಮ್ಮಲ್ಲಿ ಒಮ್ಮೆ ಹತ್ತಿದರೆ ವರ್ಷ ಪೂರ್ತಿ. ಪಾರ್ಟ್ನರ್ ಒಪ್ಪುತ್ತಾರಾ ಕೇಳಬೇಕು. ಅಲ್ಲಿಯವರೆಗೆ ಮೇಲ್ ಡ್ರಾಫ್ಟ್‌ನಲ್ಲೇ ಇರಲಿ.