ಮನಿ ಮಂದಿ ಲೈಕ್, ಮೂರು ಸೆಕೆಂಡಿನ ನೋಟ

*ಗುಂಪು: ಹೊಂಬಳ ಮನಿ ಬಳಗ 🪔 (64 ಮಂದಿ)*

ಬಸು ಕಾಕಾ, 7:04
↪↪ ಹಲವು ಬಾರಿ ಫಾರ್ವರ್ಡ್ ಮಾಡಲಾಗಿದೆ
⚠️ ಎಚ್ಚರ ಕನ್ನಡಿಗರೇ!! ವಿಡಿಯೋ ಹಾಕಿದ ಮೊದಲ 30 ನಿಮಿಷದಲ್ಲಿ 50 ಲೈಕ್ ಬರದಿದ್ದರೆ ಅಲ್ಗಾರಿದಮ್ ಅದನ್ನು ಶಾಶ್ವತವಾಗಿ ಮುಚ್ಚಿಹಾಕುತ್ತದೆ. ನಮ್ಮವರ ವಿಡಿಯೋ ಕಂಡ ಕೂಡಲೇ, ನೋಡದಿದ್ದರೂ ಸರಿ, ಲೈಕ್ ಒತ್ತಿ, ಎಲ್ಲ ಗುಂಪಿಗೂ ಕಳಿಸಿ 🙏🙏🙏

ಬಸು ಕಾಕಾ, 7:05
ಇನ್‌ಸ್ಟಾಗ್ರಾಮಿನಾಗ ಸವಿತಾನ ರೊಟ್ಟಿ ರೀಲ್ ಯಾಕ ಮ್ಯಾಲೇಳಲಿಲ್ಲ ಅಂತ ಈಗರ ತಿಳೀತಿಲ್ಲೋ? ಮೊನ್ನಿ ಅರ್ಧ ಮಂದಿ ಲೈಕ್ ಮಾಡಿಲ್ಲ. ಯಾರ್ಯಾರು ಮಾಡಿಲ್ಲ ನನಗ ಗೊತ್ತೈತಿ.

ಶಾಂತಾ ಅತ್ತಿ, 7:09
ನಾ ಮಾಡೇನಿ ಬಸೂ. ಮೊದಲ್ನೇ ಲೈಕ್ ನಂದ ಇತ್ತು.

ರಾಜು (ಹುಬ್ಬಳ್ಳಿ), 7:11
ಕಾಕಾ, ಇದರ ಮೂಲ ಏನು? 30 ನಿಮಿಷ ಅಂತ ಅಂದವರ್ಯಾರು, 50 ಅಂತ ಅಂದವರ್ಯಾರು? ವಾಟ್ಸಾಪಿನಾಗ ಮೂರು ಕೆಂಪು ಟಿಕ್ ಬಂದ್ರ ಸರ್ಕಾರ ಕೇಸ್ ಹಾಕ್ತೈತಿ ಅಂತ ಕಳಿಸಿದವರೂ ನೀವ.

ಬಸು ಕಾಕಾ, 7:12
ಅದು ಮೂರು ವರ್ಷದ ಹಿಂದಿನ ಮಾತು. ಮನಿ ಹುಡುಗಿ ಬೆಳೀಲಿ ಅನ್ನೋದಕ್ಕೂ ನಿನಗ ಮೂಲ ಬೇಕೇನಪಾ?

ಗುರಣ್ಣ ದೊಡ್ಡಪ್ಪ, 7:20
ಎಲ್ಲರಿಗೂ ಶುಭೋದಯ 🌹 ಹಿಂದಿನ ಮಂದಿ ಒಬ್ಬರ ಮನ್ಯಾಗ ಮದುವಿ ಅಂದ್ರ ಊರೆಲ್ಲಾ ಹೋಗಿ ಕೈಜೋಡಿಸ್ತಿದ್ರು. ಈಗ ಒಂದು ಬಟ್ಟ ಒತ್ತಾಕೂ ಪುರಸೊತ್ತಿಲ್ಲ. ಬಸು ಹೇಳೂದು ಸರಿ ಐತಿ. ಒಗ್ಗಟ್ಟು ಇರಬೇಕು.

ಸವಿತಾ (ಗದಗ), 7:31
ದೊಡ್ಡಪ್ಪಾರ, ಯಾರಿಗೂ ಬೈಬ್ಯಾಡ್ರಿ. ಲೈಕ್ ಬಂದಾವ್ರಿ. ಮೊದಲ ಹತ್ತು ನಿಮಿಷದಾಗ 41 ಮಂದಿ ನಮ್ಮವರ ತೆರೆದು ನೋಡ್ಯಾರ, 38 ಲೈಕ್. ಆದ್ರೂ ರೀಲ್ 412 ವ್ಯೂಕ್ಕ ನಿಂತುಬಿಟ್ಟೈತಿ. ಅದರ ಹಿಂದಿನ ರೀಲ್ ಗುಂಪಿಗೆ ಹಾಕಿದ್ದ ಇಲ್ಲ, ಅದು ಹದಿನೆಂಟು ಸಾವಿರ ದಾಟೈತಿ. ನನಗೂ ತಿಳೀವಲ್ದು.

ಮಂಜು (ಧಾರವಾಡ), 7:38
ಸವಿತಾ, ಎರಡೂ ರೀಲ್ ತೆರೆದು View insights ಒತ್ತಿ ನೋಡವಾ. ಮೂರು ಸಂಗತಿ ಹೇಳು. ಒಂದು, ಸರಾಸರಿ ಎಷ್ಟು ಸೆಕೆಂಡ್ ನೋಡ್ಯಾರ. ಎರಡು, ನೋಡಿದವರೊಳಗ ಫಾಲೋ ಮಾಡದವರು ಎಷ್ಟು ಪಾಲು. ಮೂರು, ಎಷ್ಟು ಮಂದಿ ಇನ್ನೂ ನೋಡಾಕತ್ತಾರ ಅಂತ ತೋರಿಸೋ ಗೆರಿ ಎಷ್ಟನೇ ಸೆಕೆಂಡಿಗೆ ದಬಕ್ನ ಕೆಳಗ ಬಿದ್ದೈತಿ.

ಬಸು ಕಾಕಾ, 7:39
ಅಲ್ಲೋ ಮಂಜು, 38 ಲೈಕ್ ಬಂದ್ವು ಅಂದ್ರ 50ಕ್ಕ 12 ಕಮ್ಮಿ ಬಿದ್ದಾವ ಅಂದಂಗಾತು. ನನ್ನ ಮಾತ ಖರೇ ಆತಿಲ್ಲೋ.

ಸವಿತಾ (ಗದಗ), 7:46
ಹೊಸಾದು 48 ಸೆಕೆಂಡಿನ ರೀಲ್, ಸರಾಸರಿ 10 ಸೆಕೆಂಡ್. ಹಳೇದು 22 ಸೆಕೆಂಡ್, ಸರಾಸರಿ 17. ಫಾಲೋ ಮಾಡದವರು ಹಳೇದ್ರಾಗ ನೂರಕ್ಕ 91, ಹೊಸದ್ರಾಗ 34. ಗೆರಿ ಹೊಸದ್ರಾಗ ಮೂರನೇ ಸೆಕೆಂಡಿಗೆ ಧಪ್ ಅಂತ ಬಿದ್ದೈತಿ.

ಮಂಜು (ಧಾರವಾಡ), 7:58
ಇಲ್ಲೇ ಐತಿ ನೋಡು. ಹಾಕಿದ ಕೂಡಲೇ ರೀಲ್ ಊರಿಗೆಲ್ಲಾ ಹೋಗಂಗಿಲ್ಲ. ಯಾವ ವಿಡಿಯೋ ಯಾರಿಗೆ ತೋರಿಸಬೇಕು ಅಂತ ಆರಿಸೋ ಆ ಅಲ್ಗಾರಿದಮ್ ಮೊದಲು ಸಣ್ಣ ಗುಂಪಿಗೆ ತೋರಿಸಿ, ಆ ಮಂದಿ ಏನ್ ಮಾಡ್ತಾರ ಅಂತ ನೋಡಿಕೊಂಡು ಮುಂದಿನವರಿಗೆ ತೋರಿಸ್ತೈತಿ. ಹೊಸ ರೀಲಿಗೆ ಹಿಂದಿನ ಲೆಕ್ಕ ಅಂತ ಏನೂ ಇರಂಗಿಲ್ಲಲ್ಲ, ಅದಕ್ಕ ಮೊದಲ ಬಂದವರ ನಡತಿಗೆ ತೂಕ ಜಾಸ್ತಿ. ಫಾರ್ವರ್ಡಿನಾಗ ಖರೇ ಇರೋದು ಇಷ್ಟ. 30 ನಿಮಿಷ, 50 ಲೈಕ್, ಶಾಶ್ವತ ಮುಚ್ಚೂದು, ಎಲ್ಲಾ ಕಟ್ಟಿದ್ದು. ಎರಡು ದಿನ ಸುಮ್ನ ಬಿದ್ದ ರೀಲ್ ಮೂರನೇ ದಿನ ಎದ್ದು ಓಡೂದೂ ಐತಿ.

ಮತ್ತ ಅದು ಎಣಿಸೂದು ಬರೇ ಲೈಕ್ ಎಷ್ಟು ಅಂತಲ್ಲ, ಕಂಡವರೊಳಗ ಎಷ್ಟು ಪಾಲು ಅಂತ.

ರಾಜು (ಹುಬ್ಬಳ್ಳಿ), 8:01
ನಿನಗೂ ಅದ ಪ್ರಶ್ನಿ ಮಂಜಣ್ಣಾ. ಮೂಲ?

ಮಂಜು (ಧಾರವಾಡ), 8:06
ಇನ್‌ಸ್ಟಾಗ್ರಾಮ್ ಮುಖ್ಯಸ್ಥ ಆಡಮ್ ಮೊಸ್ಸೇರಿ 2025ರ ಜನವರಿಯಾಗ ತಾವ ವಿಡಿಯೋ ಮಾಡಿ ಹೇಳ್ಯಾರ. ಮುಖ್ಯ ಸಂಗತಿ ಮೂರು: ಎಷ್ಟು ಹೊತ್ತು ನೋಡಿದ್ರು, ಕಂಡವರೊಳಗ ಎಷ್ಟು ಪಾಲು ಮಂದಿ ಲೈಕ್ ಮಾಡಿದ್ರು, ಎಷ್ಟು ಪಾಲು ಮಂದಿ ಇನ್ನೊಬ್ಬರಿಗೆ ಕಳಿಸಿದ್ರು. ಫಾಲೋ ಮಾಡೋರಿಗೆ ತೋರಿಸೋ ಮುಂದ ಲೈಕಿಗೆ ಸ್ವಲ್ಪ ತೂಕ ಹೆಚ್ಚು, ಗುರುತಿಲ್ಲದವರಿಗೆ ಮುಟ್ಟಿಸೋ ಮುಂದ ಕಳಿಸೂದಕ್ಕ ತೂಕ ಹೆಚ್ಚು ಅಂತನೂ ಹೇಳ್ಯಾರ. ಸವಿತಾಗ ಬೇಕಾಗಿದ್ದು ಎರಡನೇದು.

ರಾಜು (ಹುಬ್ಬಳ್ಳಿ), 8:08
ಸೇವ್ ಮಾಡೂದು ಎಲ್ಲಿ ಹೋತು? ಅಡಗಿ ವಿಡಿಯೋಕ್ಕ ಸೇವ್ ದೊಡ್ಡದು ಅಂತ ಎಲ್ಲಾರೂ ಅಂತಾರ.

ಮಂಜು (ಧಾರವಾಡ), 8:12
ಆ ಮೂರರಾಗ ಸೇವ್ ಇಲ್ಲ. ಗುರುತಿಲ್ಲದವರ ಪೋಸ್ಟ್ ತೋರಿಸೋ ಎಕ್ಸ್‌ಪ್ಲೋರ್ ಪುಟಕ್ಕ ಏನ್ ನೋಡ್ತೀವಿ ಅಂತ 2021ರಾಗ ಇನ್‌ಸ್ಟಾಗ್ರಾಮ್ ಬರೆದಾಗ ಲೈಕ್, ಸೇವ್, ಶೇರ್ ಮೂರನ್ನೂ ಹೇಳಿತ್ತು. ಸೇವ್ ಲೆಕ್ಕಕ್ಕ ಐತಿ ಖರೇ, ಆದ್ರ ಎಲ್ಲಕ್ಕಿಂತ ದೊಡ್ಡದು ಅನ್ನಾಕ ಆಧಾರ ಇಲ್ಲ. ನನ್ನ ಪ್ರಕಾರ ಅಡಗಿ ಮಾಡೋರಿಗೆ ಸೇವ್ ಬ್ಯಾರೆ ಕೆಲಸಕ್ಕ ಬರ್ತೈತಿ: ಮಂದಿ ಇದನ್ನ ಮತ್ತ ಮಾಡಿ ನೋಡಬೇಕು ಅಂತ ಇಟ್ಕೊಂಡ್ರು ಅನ್ನೋದು ಅದರಿಂದ ತಿಳೀತೈತಿ.

ಪ್ರಕಾಶ (ಹಾವೇರಿ), 8:15
ನಿಮ್ಮ ಮಾತು ಕೇಳಿ ನನಗ ಧಾರವಾಡ ಆಕಾಶವಾಣಿ ನೆನಪಾತು 😊 ಕೋರಿಕೆ ಹಾಡಿಗೆ ಅವ್ವ ಕಾರ್ಡ್ ಬರಸ್ತಿದ್ದಳು. ಮನಿ ಮಂದಿ ಹೆಸರೆಲ್ಲಾ ಒಂದ ಕಾರ್ಡಿನಾಗ. ಹೆಸರು ಓದಿದ್ರ ಓಣಿ ತುಂಬ ಸುದ್ದಿ.

ಶಾಂತಾ ಅತ್ತಿ, 8:17
ನನ್ನ ಹೆಸರು ಒಂದು ಸಲಾನೂ ಬರಸಲಿಲ್ಲ ನಿಮ್ಮವ್ವ. ನಾ ಅದನ್ನ ಮರ್ತಿಲ್ಲ.

ಪ್ರಕಾಶ (ಹಾವೇರಿ), 8:18
ಅತ್ತಿ, ನಿಮ್ಮದು ಮೊದಲ್ನೇ ಹೆಸರ ಇರ್ತಿತ್ರೀ!!

ಮಂಜು (ಧಾರವಾಡ), 8:31
ಸವಿತಾ, ಲೆಕ್ಕ ಹಿಡಿ. ಮೊದಲ ಹೊತ್ತಿನಾಗ ನಿನ್ನ ರೀಲ್ 71 ಮಂದಿ ಕಂಡ್ರು ಅಂತ ಇಟ್ಕೋ. 41 ನಮ್ಮವರು, ಉಳಿದ 30 ಗುರುತಿಲ್ಲದವರು. ನಮ್ಮವರು ತೆರೆದು, ಲೈಕ್ ಒತ್ತಿ, ಮೂರು ಸೆಕೆಂಡಿಗೆ ಹೊರಗ ಬಂದಾರ. ಅಂದ್ರ 123 ಸೆಕೆಂಡ್. ಆ 30 ಮಂದಿ ತಲಾ 20 ಸೆಕೆಂಡ್ ನೋಡಿದ್ರ 600. ಕೂಡಿಸಿದ್ರ 723, ಅದನ್ನ 71ಕ್ಕ ಭಾಗಿಸಿದ್ರ 10 ಚಿಲ್ರೆ. ಸರಾಸರಿ ಹಿಂಗ ಕೆಳಗ ಇಳೀತೈತಿ. ನಮ್ಮವರು ಬರದ ಇದ್ದಿದ್ರ ಅದು 20 ಇರ್ತಿತ್ತು.

ಕಳಿಸೂದ್ರಾಗೂ ಹಂಗ. ಆ 30 ಮಂದಿಯೊಳಗ ಮೂರು ಮಂದಿ ಗೆಳತಿಯರಿಗೆ ಕಳಿಸಿದ್ರ ನೂರಕ್ಕ 10. ನಮ್ಮ 41 ಮಂದಿ ಯಾರಿಗೂ ಕಳಿಸಿಲ್ಲ, ಹಂಗಾಗಿ 71ರಾಗ ಮೂರು ಆತು, ನೂರಕ್ಕ 4. ಏರಿದ್ದು ಲೈಕಿನ ಪಾಲು ಒಂದ. ಅದು ಫಾಲೋ ಮಾಡೋರ ಕಡೆ ಎಳೀತೈತಿ, ಹೊರಗಿನವರ ಕಡೆ ಅಷ್ಟು ಎಳೆಯಂಗಿಲ್ಲ.

ರಾಜು (ಹುಬ್ಬಳ್ಳಿ), 8:36
ಖರೇ ಲೆಕ್ಕ ಇಷ್ಟು ಸರಳ ಇರಂಗಿಲ್ಲ. ಎಲ್ಲಾರಿಗೂ ಸೇರಿ ಒಂದ ಅಂಕ ಕೊಡೂ ಪದ್ಧತಿ ಅಲ್ಲ ಅದು. ಒಬ್ಬೊಬ್ಬರಿಗೆ ಬ್ಯಾರೆ ಬ್ಯಾರೆ ಅಂದಾಜು ಹಾಕ್ತೈತಿ: ಈಕಿ ಇದನ್ನ ಕೊನೀತನಕ ನೋಡ್ತಾಳೋ, ಯಾರಿಗರ ಕಳಿಸ್ತಾಳೋ ಅಂತ.

ಮಂಜು (ಧಾರವಾಡ), 8:41
ಒಪ್ಪಿದೆ. ಸರಾಸರಿ ನಾ ತಿಳೀಲಿ ಅಂತ ಹಾಕಿದ್ದು. ಆದ್ರ ನೀ ಹೇಳಿದ ರೀತಿ ನೋಡಿದ್ರ ಪೆಟ್ಟು ಇನ್ನೂ ಹೆಚ್ಚು. ಒಂದು ರೀಲ್ ನೋಡಿದವರು ಮತ್ತೇನ್ ನೋಡ್ತಾರ ಅನ್ನೋದರ ಮ್ಯಾಲೆ ಅದನ್ನ ಮುಂದ ಯಾರಿಗೆ ತೋರಿಸಬೇಕು ಅನ್ನೋ ಅಂದಾಜು ಕಟ್ಟತೈತಿ. ನಮ್ಮ ಬಳಗದಾಗ ಒಬ್ಬರು ವಚನ ಕೇಳ್ತಾರ, ಒಬ್ಬರು ಕ್ರಿಕೆಟ್, ಒಬ್ಬರು ಟ್ರ್ಯಾಕ್ಟರ್. ಇವರ ಮೊದಲ ಬಂದು ಮೂರು ಸೆಕೆಂಡಿಗೆ ಹೋದ್ರ, ರೊಟ್ಟಿ ಬಡಿಯೂದು ಕಲೀಬೇಕು ಅನ್ನೋ ಹೆಣ್ಮಕ್ಕಳು ಯಾರು ಅನ್ನೋದು ಅದಕ್ಕ ಹ್ಯಾಂಗ ಗೊತ್ತಾಗಬೇಕು?

ಬಸು ಕಾಕಾ, 8:44
ಅಂದ್ರ ತಪ್ಪು ನಮ್ಮದ ಅನ್ನು! ಪ್ರೀತಿಯಿಂದ ಮಾಡಿದ್ದು. ಹಂಗ ಸುಮ್ನ ಕೂತಿಲ್ಲ ನಾನು, ರೀಲ್ ಇಳಿಸಿಕೊಂಡು ನನ್ನ ಏಳೂ ಗುಂಪಿಗೆ ವಿಡಿಯೋ ಹಾಕೇನಿ. ಲಕ್ಷ್ಮೇಶ್ವರದವರೆಲ್ಲಾ ಛಲೋ ಐತಿ ಅಂದ್ರು.

ಮಂಜು (ಧಾರವಾಡ), 8:49
ಕಾಕಾ, ನಿಮ್ಮ ಪ್ರೀತಿ ಮ್ಯಾಲೆ ಯಾರದೂ ತಕರಾರಿಲ್ರೀ. ಆದ್ರ ಇಳಿಸಿಕೊಂಡ ವಿಡಿಯೋ ವಾಟ್ಸಾಪಿನಾಗ ಸಾವಿರ ಮಂದಿ ನೋಡಿದ್ರೂ ಸವಿತಾನ ಖಾತೆಗೆ ಒಂದು ಸೆಕೆಂಡೂ ಸೇರಂಗಿಲ್ಲ. ಇನ್‌ಸ್ಟಾಗ್ರಾಮಿಗೆ ಅದು ಕಾಣೂದ ಇಲ್ಲ. ರೀಲಿನ ಒಳಗಿರೋ ಕಾಗದದ ವಿಮಾನದ ಗುರುತು ಒತ್ತಿ, ರೊಟ್ಟಿ ಹರೀತೈತಿ ಅಂತ ಗೋಳಾಡೋ ಒಬ್ಬರಿಗೆ ಕಳಿಸ್ರಿ. ಏಳು ಗುಂಪಿಗಿಂತ ಅದು ಹೆಚ್ಚು.

ಗುರಣ್ಣ ದೊಡ್ಡಪ್ಪ, 8:55
ನೋಡದ ಲೈಕ್ ಕೊಡೂದು ಸುಳ್ಳು ಸಾಕ್ಷಿ ಹೇಳಿದಂಗ ಆತು. ನಾ ಮೊದಲ ಹೇಳಿದ ಮಾತು ವಾಪಸ್ ತಗೋತೇನಿ.

ಬಸು ಕಾಕಾ, 8:56
ಅಣ್ಣಾ, ಮುಂಜಾನೆ ನನ್ನ ಕಡೆ ಇದ್ರಿ!

ರಾಜು (ಹುಬ್ಬಳ್ಳಿ), 9:02
ಮಂಜಣ್ಣಾ, ನಿನ್ನ ಲೆಕ್ಕ ಹಿಡಿದ್ರ ಐದು ಸೆಕೆಂಡಿನ ರೀಲ್ ಮಾಡಿದವರ ಗೆಲ್ಲಬೇಕು. ಎಲ್ಲಾರೂ ಪೂರಾ ನೋಡ್ತಾರ.

ಮಂಜು (ಧಾರವಾಡ), 9:09
ಪೂರಾ ನೋಡಿದ್ರೂ ಕೂಡೂದು ಐದ ಸೆಕೆಂಡ್ ಅಲ್ಲೇನು. ಎಷ್ಟು ಹೊತ್ತು ಅನ್ನೋದೂ ಬೇಕು, ಎಷ್ಟು ಪಾಲು ಅನ್ನೋದೂ ಬೇಕು. ಯೂಟ್ಯೂಬ್ 2012ರಾಗ ಬರೇ ವ್ಯೂ ಎಣಿಸೂದು ಬಿಟ್ಟು ನೋಡಿದ ಹೊತ್ತಿಗೆ ತೂಕ ಕೊಟ್ಟಿದ್ದು ಇದಕ್ಕ. ಮ್ಯಾಲಿನ ಚಿತ್ರ ನೋಡಿ ಒಳಗ ಬಂದವರು, ಅದರಾಗ ಇರೋದ ಬ್ಯಾರೆ ಅಂತ ತಟ್ನ ಹೊರಗ ಹೋದ್ರೂ ವ್ಯೂ ಏರ್ತಿತ್ತು. ಸವಿತಾನ ಹಳೇ ರೀಲ್ 22ರಾಗ 17 ಸೆಕೆಂಡ್ ಹಿಡಿದೈತಿ, ನೂರಕ್ಕ 77 ಪಾಲು. ಹೊಸದ್ರಾಗ ಹೊರಗಿನವರು 20 ಸೆಕೆಂಡ್ ಕೂತ್ರು ಅಂದ್ರೂ 48ರಾಗ ಅದು ಅರ್ಧನೂ ಅಲ್ಲ. ಅಂದ್ರ ನಮ್ಮವರದು ಒಂದ ತಪ್ಪಲ್ಲ, ರೀಲಿನ ಕಟ್ಟಿನಾಗೂ ಕೊರತಿ ಐತಿ. ಸವಿತಾ, ಬ್ಯಾಸರ ಮಾಡ್ಕೋಬ್ಯಾಡ. ರೊಟ್ಟಿ ಎಷ್ಟನೇ ಸೆಕೆಂಡಿಗೆ ಬರ್ತೈತಿ?

ಸವಿತಾ (ಗದಗ), 9:14
ಹನ್ನೊಂದಕ್ಕ. ಮೊದಲು ದೀಪ, ಆಮ್ಯಾಲೆ ನಮಸ್ಕಾರ, ನನ್ನ ಹೆಸರು, ಊರು.

ಶಾಂತಾ ಅತ್ತಿ, 9:15
ದೀಪ ಹಚ್ಚು ಅಂತ ನಾನ ಹೇಳಿದ್ದೆ. ಅದನ್ನ ತಗೀಬ್ಯಾಡ.

ಮಂಜು (ಧಾರವಾಡ), 9:22
ದೀಪ ಕೊನೀಗೆ ಇಡೂನು ಅತ್ತಿ. ಹಳೇ ರೀಲ್ ಸುರು ಆಗೂದ ಹರಿದ ರೊಟ್ಟಿ ಮ್ಯಾಲೆ ಇತ್ತು. ನೋಡೋರು ತಮ್ಮ ಮನಿ ರೊಟ್ಟಿ ಕಂಡ್ರು, ನಿಂತ್ರು. ಇದರಾಗೂ ಕೊಣಮಿಗಿ, ಕುದಿಯೋ ನೀರು, ಹಿಟ್ಟು ಹಾಕೂದು ಮೊದಲ ಸೆಕೆಂಡಿಗೆ ಬರ್ಲಿ. ಹೆಸರು ಊರು ಕೆಳಗ ಬರೆದ್ರ ಸಾಕು. 48ನ್ನ 25 ಸೆಕೆಂಡಿಗೆ ತಾ. ನೀರಿನ ಅಳತಿ ತೆರೀ ಮ್ಯಾಲೆ ಬರಿ, ಸೇವ್ ಮಾಡಾಕ ಅವರಿಗೆ ಕಾರಣ ಬೇಕಲ್ಲ.

ಹಾಕೋ ಮುಂದ ಟ್ರಯಲ್ ರೀಲ್ ಅನ್ನೋ ಆಯ್ಕೆ ನಿನ್ನ ಖಾತೇದಾಗ ಐತೇನು ನೋಡು, 2024ರ ಡಿಸೆಂಬರ್‌ನಾಗ ತಂದಾರ. ಅದು ಮೊದಲು ಫಾಲೋ ಮಾಡದವರಿಗೆ ಮಾತ್ರ ತೋರಿಸ್ತೈತಿ. ಒಂದು ದಿನ ಬಿಟ್ಟು ಮೂರನೇ ಸೆಕೆಂಡಿನ ಗೆರಿ ನೋಡು. ಅಲ್ಲೇ ಬಿದ್ರ ಸುರುವಾತು ಇನ್ನೂ ಕೆಟ್ಟೈತಿ ಅಂತ. ಅಲ್ಲಿ ದಾಟಿ 15ನೇ ಸೆಕೆಂಡಿಗೆ ಬಿದ್ರ ನಡುವಿನ ಮಾತು ಕಮ್ಮಿ ಮಾಡು. ಕೊನೀತನಕ ನೋಡ್ಯಾರ ಆದ್ರ ಯಾರೂ ಕಳಿಸಿಲ್ಲ ಅಂದ್ರ, ಇದು ಯಾರ ತ್ರಾಸ ನೀಗಸ್ತೈತಿ ಅನ್ನೋದು ಅವರಿಗೆ ತಿಳಿದಿಲ್ಲ.

ಶಾಂತಾ ಅತ್ತಿ, 9:30
ಹಂಗಾರ ನನ್ನ ಲೈಕ್ ತಗೀಲೇನವಾ ಸವಿತಾ?

ಸವಿತಾ (ಗದಗ), 9:32
ಬ್ಯಾಡ್ರಿ ಅತ್ತಿ, ಇರ್ಲಿ. ಹೊಸಾದು ಹಾಕಿದ ಮ್ಯಾಲೆ ಎರಡು ದಿನ ಗುಂಪಿಗೆ ಲಿಂಕ್ ಕಳಸಂಗಿಲ್ಲ. ಆಮ್ಯಾಲೆ ನೀವು ಕೂತು ಕೊನೀತನಕ ನೋಡ್ರಿ. ನೀರಿನ ಅಳತಿ ತಪ್ಪಿದ್ರ ನನಗ ಫೋನ್ ಹಚ್ರಿ.

ಬಸು ಕಾಕಾ, 9:35
ಲಕ್ಷ್ಮೇಶ್ವರದ ನಮ್ಮ ಬೀಗರ ಸೊಸಿ ರೊಟ್ಟಿ ಹರೀತೈತಿ ಅಂತ ಅಳ್ತಿದ್ದಳು. ಆಕಿ ಒಬ್ಬಾಕಿಗೆ ಕಳಿಸ್ತೇನಿ. ಕಾಗದದ ವಿಮಾನ ಎಲ್ಲೈತೋ ಮಂಜು, ಫೋಟೋ ತಗದು ತೋರ್ಸು.