ಚಿಟ್ಟೆ ತೋರಿಸಿ "ಇದು ಪಾರಿವಾಳವಾ?" ಎನ್ನುವ ಮೀಮ್: ಪಾತ್ರ ಯಾರು, ಎಲ್ಲಿಯ ದೃಶ್ಯ?

ಬಣ್ಣದಬುಗುರಿ: ಕನ್ನಡಕದ ಅನಿಮೆ ಯುವಕ ಚಿಟ್ಟೆಯತ್ತ ಕೈ ಚಾಚಿರುವ ಚಿತ್ರ. ನನ್ನ ಪ್ರತಿಯಲ್ಲಿ ಮೇಲೆ ಬಿಳಿ ಪಟ್ಟಿ ಇದೆ, ಅದರಲ್ಲಿ ಯಾರೋ ಬರೆದ ಸಾಲು. ಗೂಗಲ್ ಲೆನ್ಸ್ ಬರೀ ಮೀಮ್‌ಗಳನ್ನೇ ಕೊಡುತ್ತಿದೆ. ಅನಿಮೆ ದೃಶ್ಯ ಹುಡುಕಿಕೊಡುವ trace.moe 81% ಹೊಂದಿಕೆ ಅಂತ ಯಾವುದೋ ಸರಣಿ ತೋರಿಸಿತು, ಆ ದೃಶ್ಯದಲ್ಲಿ ಕನ್ನಡಕದವನೇ ಇಲ್ಲ.

ಹಳೇರೀಲು: 90%ಕ್ಕಿಂತ ಕಡಿಮೆ ಬಂದರೆ ಅದನ್ನು ಲೆಕ್ಕಕ್ಕೆ ಇಡಬೇಡಿ. ಅದು ಮುಖ ಗುರುತಿಸುವುದಿಲ್ಲ, ಇಡೀ ಚೌಕಟ್ಟನ್ನು ಹೋಲಿಸುತ್ತದೆ. ನಿಮ್ಮ ಬಿಳಿ ಪಟ್ಟಿಯೂ ಅದಕ್ಕೆ ದೃಶ್ಯದ ಭಾಗವೇ. ಮೊದಲು ಪಟ್ಟಿ ಕತ್ತರಿಸಿ. ಆಮೇಲೆ ಅದೇ ಮೀಮ್‌ನ ಬೇರೆ ನಾಲ್ಕೈದು ಪ್ರತಿ ಪಕ್ಕದಲ್ಲಿಟ್ಟು ನೋಡಿ. ನಿಮ್ಮದರಲ್ಲಿ ಮಾತ್ರ ಚಿಟ್ಟೆ ಎದುರು ಬದಿಯಲ್ಲಿದ್ದರೆ ಯಾರೋ ಎಡಬಲ ತಿರುಗಿಸಿದ್ದಾರೆ. ತಿರುಗಿಸಿದ ಚಿತ್ರ trace.moeನಲ್ಲಿ ಸಿಕ್ಕುವುದಿಲ್ಲ. ಪಟ್ಟಿ 120 ಪಿಕ್ಸೆಲ್ ಎತ್ತರವಿದ್ದರೆ ಎರಡೂ ಕೆಲಸ ಒಟ್ಟಿಗೆ ಆಗುತ್ತದೆ:

```
ffmpeg -i meme.jpg -vf "crop=iw:ih-120:0:120,hflip" out.png
```

ತಿರುಗಿಸಿರದಿದ್ದರೆ `,hflip` ತೆಗೆಯಿರಿ.

ಮೀಮ್‌ಮಾಸ್ಟರ್: ಇಷ್ಟೆಲ್ಲ ಬೇಡ. ಚಿತ್ರ ಹುಡುಕುವ ಟಿನ್‌ಐನಲ್ಲಿ ಹಾಕಿ Oldest ಒತ್ತಿ, ಮೊದಲು ಬರುವುದೇ ಮೂಲ. ಅಂದಹಾಗೆ ಆ "ಇದು ಪಾರಿವಾಳವಾ?" ಸಾಲು ಸಬ್‌ಟೈಟಲ್ ಮಾಡಿದವರ ತಪ್ಪು.

ಹಳೇರೀಲು: Oldest ಒತ್ತುವುದು ಒಳ್ಳೆಯದೇ, ಬರಹ ಕಡಿಮೆ ಇರುವ ಪ್ರತಿ ಸಿಗಬಹುದು. ಆದರೆ ಅಲ್ಲಿರುವುದು ಟಿನ್‌ಐ ಆ ಚಿತ್ರವನ್ನು ಮೊದಲು ಕಂಡ ದಿನಾಂಕ. ಚಿತ್ರ ಹುಟ್ಟಿದ ದಿನಾಂಕ ಅಲ್ಲ. ಇನ್ನು ಆ ಸಾಲು ಅನುವಾದದ ತಪ್ಪೂ ಅಲ್ಲ. ಆ ಪಾತ್ರ ಆಂಡ್ರಾಯ್ಡ್, ಅಂದರೆ ಮನುಷ್ಯನಂತೆ ಕಾಣುವ ರೋಬಾಟ್. ಭೂಮಿಯ ಜೀವಿಗಳ ಪರಿಚಯವಿಲ್ಲದೆ ಚಿಟ್ಟೆಯನ್ನು ಪಾರಿವಾಳ ಅಂದುಕೊಳ್ಳುತ್ತಾನೆ. ಪಾತ್ರ ತಿಳಿಯದೆ ಸಾಲನ್ನಷ್ಟೇ ಓದಿದರೆ ಹೀಗೇ ಅನಿಸುತ್ತದೆ.

ಬಣ್ಣದಬುಗುರಿ: ನನ್ನ ಪ್ರತಿ ತಿರುಗಿಸಿದ್ದೇ ಆಗಿತ್ತು! ಈಗ 90 ದಾಟಿತು. *ದಿ ಬ್ರೇವ್ ಫೈಟರ್ ಆಫ್ ಸನ್ ಫೈಬರ್ಡ್*, ಸಂಚಿಕೆ 3.

ಹಳೇರೀಲು: ಸರಿಯಾಗಿದೆ. 1991ರ ಟಿವಿ ಸರಣಿ, ಪಾತ್ರ ಯೂತಾರೋ ಕತೋರಿ. ಆದರೂ ಶೇಕಡಾ ನೋಡಿ ನಿಲ್ಲಿಸಬೇಡಿ. ಫಲಿತಾಂಶದ ಜೊತೆ ಬರುವ ತುಣುಕು ಓಡಿಸಿ, ಚಿಟ್ಟೆಯ ಜಾಗ, ಕೈಬೆರಳು, ಕನ್ನಡಕದ ಅಂಚು ಒಂದೊಂದೇ ಹೋಲಿಸಿ. ಮೂರೂ ಕೂಡಿದರೆ ದೃಶ್ಯ ಅದೇ.

ಗಾಳಿಪಟ: ನನಗೂ ಇದೇ ತೊಂದರೆ. ಗೆಳತಿ ಜೊತೆ ಹೋಗುತ್ತಾ ಇನ್ನೊಬ್ಬಳನ್ನು ತಿರುಗಿ ನೋಡುವವನು ಯಾವ ಸಿನಿಮಾದವನು? trace.moe ಏನೇನೋ ಹೇಳುತ್ತಿದೆ.

ಹಳೇರೀಲು: trace.moe ಇರುವುದು ಅನಿಮೆಗೆ ಮಾತ್ರ. ಬೇರೆ ಏನು ಕೊಟ್ಟರೂ ಹತ್ತಿರದ ಯಾವುದೋ ಅನಿಮೆ ದೃಶ್ಯ ತೋರಿಸುತ್ತದೆ. ನಿಮ್ಮದು ಸಿನಿಮಾ ಅಲ್ಲ, ಅಂತೋನಿಯೊ ಗಿಯೆಮ್ 2015ರಲ್ಲಿ ತೆಗೆದ ಸ್ಟಾಕ್ ಫೋಟೋ. ಪಾತ್ರವೂ ಇಲ್ಲ, ದೃಶ್ಯವೂ ಇಲ್ಲ.

ಗಾಳಿಪಟ: ಓಹ್, ಸರಿ. ಇನ್ನೊಂದಿದೆ, ಅನಿಮೆಯದೇ. ಆದರೆ ಯಾರೋ ಕೈಯಿಂದ ಮತ್ತೆ ಬಿಡಿಸಿದ್ದಾರೆ.

ಹಳೇರೀಲು: ಮತ್ತೆ ಬಿಡಿಸಿದ್ದಕ್ಕೆ ಚೌಕಟ್ಟಿನ ಹೋಲಿಕೆ ಕೆಲಸ ಮಾಡುವುದು ಅಪರೂಪ. ಮೂಲೆಯಲ್ಲಿ ಸಹಿ ಇದೆಯಾ ನೋಡಿ, ಚಿತ್ರ ಇಲ್ಲಿ ಹಾಕಿ. ಬಿಡಿಸಿದವರು ಸಿಕ್ಕರೆ ಯಾವುದನ್ನು ನೋಡಿ ಬಿಡಿಸಿದ್ದು ಅಂತ ಕೇಳಬಹುದು.

ಗಾಳಿಪಟ: ಸಹಿ ಇದೆ, ಅರ್ಧ ಕತ್ತರಿಸಿ ಹೋಗಿದೆ. ರಾತ್ರಿ ಹಾಕುತ್ತೇನೆ.