ಪದಚರ್ಚೆ: ‘ಶ್ರಿಂಕ್‌ಫ್ಲೇಶನ್’ಗೆ ‘ಕುಗ್ಗುಬ್ಬರ’ ಸರಿಹೋಗುತ್ತಾ?

ಗೆಳೆಯರೇ,

ಬಸವನಗುಡಿಯ ನಮ್ಮನೆ ಅಡುಗೆಮನೆಯಲ್ಲಿ ಮೆಂತ್ಯ ಸುತ್ತಿಟ್ಟಿದ್ದ ಹಳೇ ಬಿಸ್ಕತ್ ಕವರ್ ಸಿಕ್ಕಿತು. ಹತ್ತು ರೂಪಾಯಿ, 100 ಗ್ರಾಂ. ಮೊನ್ನೆ ತಂದ ಅದೇ ಬಿಸ್ಕತ್ತಿಗೂ ಹತ್ತೇ ರೂಪಾಯಿ, ಆದರೆ 80 ಗ್ರಾಂ. ಕವರಿನ ಉದ್ದ ಒಂದೇ. ಇದಕ್ಕೆ ಇಂಗ್ಲಿಷಿನಲ್ಲಿ ಶ್ರಿಂಕ್‌ಫ್ಲೇಶನ್ ಅಂತಾರೆ. ಕುಗ್ಗು, ಹಣದುಬ್ಬರ ಎರಡೂ ಸೇರಿಸಿ ‘ಕುಗ್ಗುಬ್ಬರ’ ಅನ್ನಬಹುದೇ?

*

ಸಾರ್, ನಮ್ಮದು ಪ್ರಾವಿಜನ್ ಸ್ಟೋರು. ನಾವು ಸುಮ್ನೆ ‘ತೂಕ ಇಳಿಸಿದ್ದಾರೆ’ ಅಂತೀವಿ. ಹನ್ನೆರಡು ರೂಪಾಯಿ ಮಾಡಿದರೆ ಚಿಲ್ಲರೆ ಎಲ್ಲಿಂದ ತರೋದು? ಅದಕ್ಕೇ ಐದು, ಹತ್ತರ ಬೆಲೆ ಅಲುಗಲ್ಲ. ಶೇಕಡಾ 20 ಬೆಲೆ ಏರಿಸಿದ ಹಾಗಾಯ್ತು. ‘ತೂಕಮೋಸ’ ಅನ್ನಿ.

*

ಅಂಗಡಿಯವರ ಲೆಕ್ಕ ಅರ್ಧ ಸರಿ. ಇಳಿದಿದ್ದು ತೂಕದ ಶೇಕಡಾ 20. ಬೆಲೆ ಗ್ರಾಮಿಗೆ 10 ಪೈಸೆ ಇದ್ದದ್ದು ಹನ್ನೆರಡೂವರೆ ಆಯಿತು, ಅಂದರೆ ಏರಿಕೆ ಶೇಕಡಾ 25. ‘ಮೋಸ’ ಅನ್ನೋದೂ ಕಷ್ಟ. 80 ಗ್ರಾಂ ಅಂತ ಬರೆದು 75 ತುಂಬಿದರೆ ಮೋಸ. ಇಲ್ಲಿ ಬರೆದಷ್ಟೇ ಇದೆ.

ಕವರಿನ ಮೇಲೆ ಗ್ರಾಮಿಗೆ ಎಷ್ಟು ಅಂತಲೂ ಅಚ್ಚಾಗಿರುತ್ತೆ, ನೋಡಿ. ಆದರೆ ಅದನ್ನು ಪೈಸೆಗೆ ದುಂಡಾಗಿಸುತ್ತಾರೆ. ಐದು ರೂಪಾಯಿ ಪ್ಯಾಕು 55 ಗ್ರಾಮಿನಿಂದ 53ಕ್ಕೆ ಇಳಿದರೂ ಎರಡರ ಮೇಲೂ 9 ಪೈಸೆ ಅಂತಲೇ ಇರುತ್ತೆ. ಸಣ್ಣ ಪ್ಯಾಕಿನಲ್ಲಿ ಈ ಅಂಕಿಯನ್ನೇ ನಂಬಿದರೆ ಇಳಿದದ್ದು ಕಾಣಲ್ಲ. ನಿವ್ವಳ ತೂಕವನ್ನೇ ಓದಬೇಕು.

ಪದದ ವಿಷಯ: ‘ಕುಗ್ಗುಬ್ಬರ’ ಕೇಳಿದರೆ ಉಬ್ಬರವೇ ಕುಗ್ಗಿತು, ಬೆಲೆ ಇಳಿಯಿತು ಅನ್ನಿಸುತ್ತೆ. ಅರ್ಥ ತಿರುಗಾಮುರುಗಾ!

*

ಗಾಂಧಿಬಜಾರಿನಲ್ಲಿ ಸೊಪ್ಪಿನ ಕಟ್ಟು ಹೇಗಾಗಿದೆ ಗೊತ್ತಾ? ಕೊತ್ತಂಬರಿ ಕಟ್ಟು ಮುಷ್ಟಿಯೊಳಗೆ ಮಾಯ. ಅದಕ್ಕೂ ಇದೇ ಪದ ಹಾಕಬಹುದಾ? ನಾನಂತೂ ‘ಇದೇನಮ್ಮಾ, ಕಟ್ಟು ಇಷ್ಟು ಸಣ್ಣ ಮಾಡಿದ್ದೀಯ’ ಅಂತ ಜಗಳ ಆಡಿ ಎರಡೆಸಳು ಜಾಸ್ತಿ ಹಾಕಿಸಿಕೊಂಡೆ.

*

ಅಕ್ಕಾ, ಸೊಪ್ಪು ಕಣ್ಣಿಗೆ ಕಾಣುತ್ತೆ, ಜಗಳಕ್ಕೆ ಎದುರಿಗೆ ಒಬ್ಬರಿದ್ದಾರೆ. ಪ್ಯಾಕೆಟ್ಟಿಗೆ ಇವೆರಡೂ ಇಲ್ಲ. ಈ ಗುಟ್ಟು ಪದದಲ್ಲಿ ಬರಬೇಕು. ಕಳ್ಳಹೆಜ್ಜೆ, ಕಳ್ಳನೋಟದ ಹಾಗೆ ‘ಕಳ್ಳಬೆಲೆ’ ಹೇಗೆ? ಅಲ್ಲಿ ‘ಕಳ್ಳ’ ಅಂದರೆ ಕದಿಯೋದಲ್ಲ, ಸದ್ದಿಲ್ಲದ್ದು.

*

ಕಳ್ಳಸಂತೆಯ ಬೆಲೆ ಅಂದುಕೊಳ್ಳುತ್ತಾರೆ ಕಣ್ರೀ. ‘ಕಳ್ಳ ಏರಿಕೆ’ ಆದರೆ ಪರವಾಗಿಲ್ಲ.

*

‘ಕುಗ್ಗುಬ್ಬರ’ ಕೈಬಿಟ್ಟೆ. ‘ಕಳ್ಳ ಏರಿಕೆ’ ಹಿಡಿಸಿತು, ಆದರೆ ಅದರಲ್ಲಿ ತೂಕದ ಸುಳಿವೇ ಇಲ್ಲವಲ್ಲ! ನಮ್ಮಮ್ಮನನ್ನು ಕೇಳಿದೆ. ‘ಪೊಟ್ಟಣ ಸೊರಗಿದೆ’ ಅಂದರು. ‘ಸೊರಗು’ ಇಟ್ಟುಕೊಂಡು ಯಾರಾದರೂ ಒಂದು ಪದ ಕಟ್ಟುತ್ತೀರಾ?